ಕ್ರಿಮಿನಲ್ ಮೇಲ್ಮನವಿಯ ಕೇಸ್ ಕಾಮೆಂಟ್ ಬರೆಯುವ ಕ್ರಮ: ವಿರ್ಸಾ ಸಿಂಗ್ ತೀರ್ಪಿನಲ್ಲಿ ರೇಶಿಯೋ ಯಾವುದು, ಒಬಿಟರ್ ಯಾವುದು

ಕಾಸರಗೋಡಿನಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೆ, ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯಿಂದ ದಿನವೂ ಮಂಗಳೂರಿಗೆ ಹೋಗಿ ಕಾನೂನು ಓದುವ ವಿದ್ಯಾರ್ಥಿಗಳು ತಮ್ಮ ಕೇಸ್ ಕಾಮೆಂಟಿನ ಕರಡುಗಳನ್ನು ತಂದು ತೋರಿಸುವುದುಂಟು. ಅವುಗಳಲ್ಲಿ ಕಾಣುವ ತಪ್ಪು ಬಹುಮಟ್ಟಿಗೆ ಒಂದೇ ಬಗೆಯದು. ಮೊದಲ ಅರ್ಧ ಘಟನೆಯ ಕತೆಯಾಗಿರುತ್ತದೆ, ನಂತರ ವರದಿಯ ತಲೆಟಿಪ್ಪಣಿಯ ಅನುವಾದ ‘ರೇಶಿಯೋ’, ಅಂದರೆ ತೀರ್ಪಿಗೆ ಅಗತ್ಯವಾದ ನಿಯಮ, ಎಂಬ ಹೆಸರಿನಲ್ಲಿ ಬರುತ್ತದೆ, ತೀರ್ಪಿನಲ್ಲಿ ಕಿವಿಗೆ ಹಿತವಾಗಿ ಕೇಳಿದ ಒಂದೆರಡು ವಾಕ್ಯಗಳು ‘ಒಬಿಟರ್’, ಅಂದರೆ ಫಲಿತಾಂಶಕ್ಕೆ ಅಗತ್ಯವಿರದ ಮಾತು, ಆಗುತ್ತವೆ, ಕೊನೆಯಲ್ಲಿ ತೀರ್ಪು ಸ್ವಾಗತಾರ್ಹ ಎಂಬ ಮಾತಿನೊಂದಿಗೆ ಬರಹ ನಿಲ್ಲುತ್ತದೆ. ಅಂಕ ಕಡಿಮೆಯಾದಾಗ ಭಾಷೆಯ ದೋಷವೆಂದು ಇವರು ಭಾವಿಸುತ್ತಾರೆ. ನಿಜವಾದ ದೋಷ ಇರುವುದು ಕೆಲಸ ಮಾಡಿದ ಕ್ರಮದಲ್ಲಿ. ಮೇಲ್ಮನವಿ ನ್ಯಾಯಾಲಯದ ಮುಂದೆ ಇದ್ದ ಪ್ರಶ್ನೆ ಯಾವುದೆಂದು ನಿಗದಿಪಡಿಸಿಕೊಳ್ಳದೆ ರೇಶಿಯೋ ಹುಡುಕಲು ಹೊರಟರೆ ಅದು ಸಿಗುವುದಿಲ್ಲ.

ಆ ಕ್ರಮವನ್ನು ಒಂದೇ ತೀರ್ಪಿನ ಮೇಲೆ ಪೂರ್ತಿಯಾಗಿ ಮಾಡಿ ತೋರಿಸುತ್ತೇನೆ. ಆರಿಸಿಕೊಂಡದ್ದು ವಿರ್ಸಾ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ, ಸರ್ವೋಚ್ಚ ನ್ಯಾಯಾಲಯದ 1958ರ ತೀರ್ಪು. ಇದು ಕೆಲವೇ ಪುಟಗಳದ್ದು, ಮೂವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ವಿವಿಯನ್ ಬೋಸ್ ಒಬ್ಬರೇ ಬರೆದದ್ದು, ಮತ್ತು ಅದರಲ್ಲಿ ರೇಶಿಯೋ ಒಬಿಟರ್‌ಗಳ ನಡುವಿನ ಗೆರೆ ಒಂದೇ ಪ್ಯಾರಾದೊಳಗೆ ಹಾದುಹೋಗುವುದರಿಂದ ಅಭ್ಯಾಸಕ್ಕೆ ತಕ್ಕದ್ದು.

## ಕೈಯಲ್ಲಿ ಇರಬೇಕಾದುದು

ತೀರ್ಪಿನ ಪೂರ್ಣಪಾಠದ ಮುದ್ರಿತ ಪ್ರತಿ ಬೇಕು. ತೀರ್ಪುಗಳ ಯಾವುದೇ ಜಾಲತಾಣದಲ್ಲಿ `AIR 1958 SC 465` ಎಂದು ಹುಡುಕಿದರೆ ಸಿಗುತ್ತದೆ. ಜೊತೆಗೆ ಭಾರತ ದಂಡ ಸಂಹಿತೆಯ 299, 300 ಮತ್ತು 304ನೆಯ ಕಲಮುಗಳ ಮೂಲಪಾಠ, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರತಿ, ಮೂರು ಬಣ್ಣದ ಪೆನ್ಸಿಲ್.

ಪ್ರತಿಯಲ್ಲಿ ತಲೆಟಿಪ್ಪಣಿ ಇದ್ದರೆ ಅದರ ಮೇಲೊಂದು ಹಾಳೆ ಅಂಟಿಸಿ ಮುಚ್ಚಿಬಿಡಿ. ತಲೆಟಿಪ್ಪಣಿಯನ್ನು ಬರೆಯುವವರು ಕಾನೂನು ವರದಿಯ ಸಂಪಾದಕರು, ಅದು ತೀರ್ಪಿನ ಭಾಗವಲ್ಲ. ಅದನ್ನು ಮೊದಲು ಓದಿದವರು ನಂತರ ತೀರ್ಪಿನಲ್ಲಿ ಅದನ್ನೇ ಹುಡುಕುತ್ತಾ ಹೋಗುತ್ತಾರೆ, ಉಳಿದದ್ದು ಕಣ್ಣಿಗೆ ಬೀಳುವುದಿಲ್ಲ.

## ಹಂತ 1: ಮೇಲ್ಮನವಿಗೆ ತೆರೆದಿದ್ದ ಪ್ರಶ್ನೆಯನ್ನು ಬರೆದುಕೊಳ್ಳಿ

ಮೊದಲ ಓದಿನಲ್ಲಿ ಬೇರೆ ಏನನ್ನೂ ಗುರುತು ಮಾಡದೆ, ಈ ಮೇಲ್ಮನವಿ ಯಾವ ದಾರಿಯಿಂದ ಬಂತು ಮತ್ತು ನ್ಯಾಯಾಲಯ ಯಾವ ಪ್ರಶ್ನೆಗೆ ಉತ್ತರಿಸಬೇಕಿತ್ತು ಎಂಬುದನ್ನು ಮಾತ್ರ ಹುಡುಕಿ. ಶಿಕ್ಷೆಯ ವಿರುದ್ಧದ ಮೇಲ್ಮನವಿ, ಬಿಡುಗಡೆಯ ವಿರುದ್ಧದ ಮೇಲ್ಮನವಿ, ಶಿಕ್ಷೆಯ ಪ್ರಮಾಣದ ಬಗೆಗಿನ ಮೇಲ್ಮನವಿ, ವಿಶೇಷ ಅನುಮತಿಯ ಮೇಲ್ಮನವಿ ಇವುಗಳಲ್ಲಿ ನ್ಯಾಯಾಲಯದ ಕೈಗೆ ಬರುವ ಪ್ರಶ್ನೆಗಳು ಬೇರೆಬೇರೆ. ಆ ಪ್ರಶ್ನೆಯ ಗಾತ್ರವೇ ರೇಶಿಯೋದ ಗರಿಷ್ಠ ಗಾತ್ರ.

ವಿರ್ಸಾ ಸಿಂಗ್‌ನಲ್ಲಿ ಈ ಕೆಲಸವನ್ನು ನ್ಯಾಯಾಲಯವೇ ಸುಲಭ ಮಾಡಿಕೊಟ್ಟಿದೆ. ಸೆಷನ್ಸ್ ನ್ಯಾಯಾಲಯ ಆರೋಪಿಗೆ ಕೊಲೆಗೆ ಶಿಕ್ಷೆ ಹೇಳುವ ಕಲಂ 302ರ ಅಡಿ ಶಿಕ್ಷೆ ವಿಧಿಸಿತ್ತು, ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದಿತ್ತು. ಸರ್ವೋಚ್ಚ ನ್ಯಾಯಾಲಯ ವಿಶೇಷ ಅನುಮತಿ ಕೊಟ್ಟದ್ದು ಒಂದೇ ಪ್ರಶ್ನೆಗೆ: ಉಚ್ಚ ನ್ಯಾಯಾಲಯ ಒಪ್ಪಿಕೊಂಡ ನಿರ್ಣಯಗಳ ಮೇಲೆ ಯಾವ ಅಪರಾಧ ಸಾಬೀತಾಗುತ್ತದೆ? ಸಾಕ್ಷಿಗಳು ನಿಜ ಹೇಳಿದರೋ ಇಲ್ಲವೋ, ಈಟಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಹೀಗಿರುವಾಗ ಸಾಕ್ಷ್ಯದ ನಂಬಲರ್ಹತೆಯ ಮೇಲೆ ಎರಡು ಪುಟ ಬರೆದ ಕೇಸ್ ಕಾಮೆಂಟ್, ನ್ಯಾಯಾಲಯ ತೀರ್ಮಾನಿಸದ ವಿಷಯವನ್ನು ವಿಮರ್ಶಿಸಿದಂತಾಗುತ್ತದೆ.

ಈ ಹಂತದ ಕೊನೆಗೆ ನಿಮ್ಮ ಹಾಳೆಯಲ್ಲಿ ಒಂದು ಪ್ರಶ್ನಾರ್ಥಕ ವಾಕ್ಯ ಇರಬೇಕು. ಅದು ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ ರೂಪದಲ್ಲಿದ್ದರೆ ಮುಂದಿನ ಕೆಲಸ ಹಗುರವಾಗುತ್ತದೆ. ನಾನು ಬರೆಯುವುದು ಹೀಗೆ: ಹೊಟ್ಟೆಗೆ ಈಟಿಯಿಂದ ಒಂದೇ ಬಾರಿ ತಿವಿದು, ಸಾವಿಗೆ ಸಾಕಾಗುವಂಥ ಗಾಯ ಮಾಡಿದ ವ್ಯಕ್ತಿಗೆ ಕೊಲ್ಲುವ ಉದ್ದೇಶ ಇತ್ತೆಂದು ಸಾಬೀತಾಗದಿದ್ದರೂ ಅವನು ಮಾಡಿದ್ದು ಕಲಂ 300ರ ಮೂರನೆಯ ಖಂಡದ ಕೊಲೆಯಾಗುತ್ತದೆಯೇ?

## ಹಂತ 2: ಸಂಗತಿಗಳನ್ನು ಕತೆಯಾಗಿ ಬರೆಯಬೇಡಿ, ವಿಂಗಡಿಸಿ

ಎರಡನೆಯ ಓದಿನಲ್ಲಿ ಸಂಗತಿಗಳ ಕೆಳಗೆ ಒಂದು ಬಣ್ಣದ ಗೆರೆ ಎಳೆಯಿರಿ. ನಂತರ ಪ್ರತಿಯೊಂದು ಸಂಗತಿಯ ಎದುರು, ಇದು ಬದಲಾಗಿದ್ದರೆ ಹಂತ 1ರ ಪ್ರಶ್ನೆಯ ಉತ್ತರ ಬದಲಾಗುತ್ತಿತ್ತೇ ಎಂದು ಕೇಳಿ. ಬದಲಾಗುವಂಥದ್ದು ಮುಖ್ಯ ಸಂಗತಿ, ಉಳಿದದ್ದು ಹಿನ್ನೆಲೆ.

ಇಲ್ಲಿ ಮುಖ್ಯ ಸಂಗತಿಗಳು ಕೆಲವೇ. ದೇಹದ ಮೇಲೆ ಇದ್ದದ್ದು ಒಂದೇ ಗಾಯ. ಅದು ಈಟಿಯ ತಿವಿತದಿಂದ ಆದದ್ದು, ಹೊಟ್ಟೆಯ ಎಡಭಾಗದ ಕೆಳಗಡೆಗೆ ಬಿದ್ದದ್ದು, ಕರುಳಿನ ಸುರುಳಿಗಳು ಹೊರಬರುವಷ್ಟು ಆಳವಾದದ್ದು. ಪ್ರಕೃತಿಯ ಸಾಮಾನ್ಯ ಕ್ರಮದಲ್ಲಿ ಸಾವನ್ನುಂಟುಮಾಡಲು ಅದು ಸಾಕಾಗುವ ಗಾಯವೆಂದು ವೈದ್ಯರು ಹೇಳಿದ್ದರು. ತಿವಿತ ಆಕಸ್ಮಿಕವಾಗಿ ಆಯಿತೆಂದಾಗಲಿ, ಬೇರೆ ಕಡೆಗೆ ಗುರಿಯಿಟ್ಟದ್ದು ಅಲ್ಲಿ ಬಿತ್ತೆಂದಾಗಲಿ ತೋರಿಸುವ ಸಾಕ್ಷ್ಯ ಇರಲಿಲ್ಲ. ಈ ಕೊನೆಯದು, ಅಂದರೆ ಇಲ್ಲದಿರುವ ಸಂಗತಿ, ವಿದ್ಯಾರ್ಥಿಗಳ ಪಟ್ಟಿಯಲ್ಲಿ ಬಹಳ ಅಪರೂಪಕ್ಕೆ ಕಾಣುತ್ತದೆ. ಹಂತ 5ರಲ್ಲಿ ಇಡೀ ವಿಂಗಡಣೆ ಅದರ ಮೇಲೆ ನಿಲ್ಲುವುದರಿಂದ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಇನ್ನು ಎರಡು ಸಂಗತಿಗಳು ತೀರ್ಪಿನಲ್ಲಿ ಇದ್ದೂ ದಾರಿ ತಪ್ಪಿಸುತ್ತವೆ. ಆರೋಪಿ 21 ಅಥವಾ 22 ವರ್ಷದವನು, ಅವನಿಗೆ ಕೊಲ್ಲುವ ಉದ್ದೇಶ ಇದ್ದಂತಿಲ್ಲ, ದುಡುಕಿನಿಂದ ಜೋರಾಗಿ ತಿವಿದ ಎಂದು ಸೆಷನ್ಸ್ ನ್ಯಾಯಾಧೀಶರು ಬರೆದಿದ್ದರು. ಕರುಳ ಪೊರೆಗೆ ಸೋಂಕಾಗಿ ಸಾವು ಬೇಗ ಬಂತು ಎಂಬ ಮಾತೂ ಇತ್ತು. ವಯಸ್ಸು ಈ ಪ್ರಶ್ನೆಗೆ ಹಿನ್ನೆಲೆ ಮಾತ್ರ. ಸೋಂಕಿನ ಮಾತೂ ಹಿನ್ನೆಲೆಯೇ, ಏಕೆಂದರೆ ಗಾಯವೇ ಸಾವಿಗೆ ಸಾಕಾಗುವಂಥದ್ದು ಎಂಬ ನಿರ್ಣಯ ನಿಂತಿದೆ, ಮೇಲಾಗಿ ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಸಾವು ತಪ್ಪುತ್ತಿತ್ತು ಎಂಬುದು ಹೊಣೆಯನ್ನು ಕಳಚುವುದಿಲ್ಲ ಎಂದು ಕಲಂ 299ರ ಎರಡನೆಯ ವಿವರಣೆ ಹೇಳುತ್ತದೆ. ಆದರೆ ಕೊಲ್ಲುವ ಉದ್ದೇಶ ಇರಲಿಲ್ಲ ಎಂಬ ಸೆಷನ್ಸ್ ನ್ಯಾಯಾಧೀಶರ ಮಾತು ಮುಖ್ಯ ಸಂಗತಿ. ಅದಿದ್ದರೂ ಕೊಲೆಯೆಂದು ಹೇಳಬಹುದೇ ಎಂಬುದೇ ಇಲ್ಲಿ ಜಟಿಲವಾದ ಭಾಗ.

## ಹಂತ 3: ಕಲಮಿನ ಪದಗಳನ್ನು ಕನ್ನಡದಲ್ಲಿ ಖಚಿತಪಡಿಸಿಕೊಳ್ಳಿ

ಕನ್ನಡದಲ್ಲಿ ಬರೆಯುವವರು ಎಡವುವ ಜಾಗ ಇದು, ನಮ್ಮ ಗಡಿ ಭಾಗದಲ್ಲಿ ಇಂಗ್ಲಿಷ್ ಪುಸ್ತಕ, ಮಲಯಾಳಂ ದಾಖಲೆ, ಕನ್ನಡ ಉತ್ತರಪತ್ರಿಕೆ ಹೀಗೆ ಮೂರು ಭಾಷೆಗಳ ನಡುವೆ ಓಡಾಡುವವರು ಇನ್ನೂ ಹೆಚ್ಚು. ‘ಉದ್ದೇಶ’ ಎಂಬ ಒಂದೇ ಪದದಿಂದ ನಾವು ದಿನದ ಮಾತಿನಲ್ಲಿ ಎರಡು ವಿಷಯಗಳನ್ನು ಹೇಳುತ್ತೇವೆ: ಮನುಷ್ಯ ಏನನ್ನು ಮಾಡಬೇಕೆಂದು ಮಾಡಿದ ಎಂಬುದು ಒಂದು, ಯಾವ ಕಾರಣಕ್ಕಾಗಿ ಮಾಡಿದ ಎಂಬುದು ಇನ್ನೊಂದು. ಕೇಸ್ ಕಾಮೆಂಟಿನಲ್ಲಿ ಮೊದಲನೆಯದಕ್ಕೆ ಮಾತ್ರ ‘ಉದ್ದೇಶ’ ಎನ್ನಿ, ಎರಡನೆಯದಕ್ಕೆ ‘ಪ್ರೇರಣೆ’ ಎನ್ನಿ, ಪರಿಣಾಮ ಗೊತ್ತಿತ್ತು ಎಂಬುದಕ್ಕೆ ‘ತಿಳಿವಳಿಕೆ’ ಎನ್ನಿ, ಮತ್ತು ಬರಹದ ಕೊನೆಯವರೆಗೂ ಈ ಮೂರನ್ನು ಅದಲುಬದಲು ಮಾಡಬೇಡಿ.

ಇನ್ನೊಂದು ಜೋಡಿ, ಸಾವು ‘ಸಂಭವಿಸಬಹುದಾದ’ ಗಾಯ ಮತ್ತು ಸಾವಿಗೆ ‘ಸಾಕಾಗುವ’ ಗಾಯ. ಮೊದಲನೆಯದು ಕಲಂ 299ರದ್ದು, ಎರಡನೆಯದು ಕಲಂ 300ರ ಮೂರನೆಯ ಖಂಡದ್ದು. ಇವೆರಡಕ್ಕೂ ‘ಮಾರಕ ಗಾಯ’ ಎಂದು ಬರೆದ ಕರಡನ್ನು ನಾನು ಹಲವು ಸಲ ನೋಡಿದ್ದೇನೆ. ಹಾಗೆ ಬರೆದ ಕ್ಷಣಕ್ಕೆ ಕೊಲೆಗೂ ಕೊಲೆಯಲ್ಲದ ದಂಡನೀಯ ನರಹತ್ಯೆಗೂ ಇರುವ ವ್ಯತ್ಯಾಸ ಅಳಿಸಿಹೋಗಿ, ಮುಂದಿನ ವಿಶ್ಲೇಷಣೆಗೆ ಆಧಾರವೇ ಉಳಿಯುವುದಿಲ್ಲ.

ಮೂರನೆಯ ಖಂಡದ ಸಾರ ಹೀಗಿದೆ: ಯಾರಿಗಾದರೂ ದೈಹಿಕ ಗಾಯ ಮಾಡುವ ಉದ್ದೇಶದಿಂದ ಕೃತ್ಯ ನಡೆದಿರಬೇಕು, ಮತ್ತು ಮಾಡಲು ಉದ್ದೇಶಿಸಿದ ಆ ಗಾಯವು ಪ್ರಕೃತಿಯ ಸಾಮಾನ್ಯ ಕ್ರಮದಲ್ಲಿ ಸಾವಿಗೆ ಸಾಕಾಗುವಂತಿರಬೇಕು. ‘ಮತ್ತು’ ಎಂಬಲ್ಲಿ ವಾಕ್ಯ ಎರಡು ತುಂಡಾಗುತ್ತದೆ. ಉದ್ದೇಶ ಎಂಬುದು ಮೊದಲ ತುಂಡಿಗೆ ಮಾತ್ರ ಸೇರಿದ್ದೇ, ಎರಡನೆಯ ತುಂಡಿಗೂ ಹರಿಯುತ್ತದೆಯೇ ಎಂಬುದೇ ಈ ಮೇಲ್ಮನವಿಯ ಜಗಳ. ಸಾವಿಗೆ ಸಾಕಾಗುವಂಥ ಗಾಯವನ್ನೇ ಮಾಡಬೇಕೆಂಬ ಉದ್ದೇಶ ಸಾಬೀತಾಗಬೇಕು ಎಂಬುದು ಮೇಲ್ಮನವಿದಾರನ ವಾದ.

## ಹಂತ 4: ರೇಶಿಯೋವನ್ನು ಒಂದು ವಾಕ್ಯವಾಗಿ ಕಟ್ಟಿ, ಮಗುಚಿ ಪರೀಕ್ಷಿಸಿ

ಈಗ ಮೂರನೆಯ ಓದು. ನ್ಯಾಯಾಲಯ ಏನು ಹೇಳಿತು ಎಂಬುದನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ವಿರ್ಸಾ ಸಿಂಗ್‌ನಲ್ಲಿ ಅಭಿಯೋಜನೆ ಸಾಬೀತುಪಡಿಸಬೇಕಾದ ನಾಲ್ಕು ಅಂಶಗಳನ್ನು ಹೇಳಿದೆ. ಮೊದಲನೆಯದಾಗಿ ದೈಹಿಕ ಗಾಯವೊಂದು ಇದೆಯೆಂದು ತೋರಿಸಬೇಕು. ಎರಡನೆಯದಾಗಿ ಆ ಗಾಯದ ಸ್ವರೂಪವನ್ನು ತೋರಿಸಬೇಕು. ಈ ಎರಡೂ ಕೇವಲ ವಾಸ್ತವದ ತನಿಖೆ. ಮೂರನೆಯದಾಗಿ ಅದೇ ಗಾಯವನ್ನು ಮಾಡುವ ಉದ್ದೇಶ ಇತ್ತು, ಅದು ಆಕಸ್ಮಿಕವಲ್ಲ, ಬೇರೆ ಬಗೆಯ ಗಾಯ ಮಾಡಹೋಗಿ ಆದದ್ದಲ್ಲ ಎಂದು ತೋರಿಸಬೇಕು. ನಾಲ್ಕನೆಯದಾಗಿ ಆ ಗಾಯ ಸಾವಿಗೆ ಸಾಕಾಗುವಂಥದ್ದು ಎಂದು ತೋರಿಸಬೇಕು. ಈ ನಾಲ್ಕನೆಯದು ವಸ್ತುನಿಷ್ಠ ಪ್ರಶ್ನೆ, ಆರೋಪಿಯ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ನಾಲ್ಕನ್ನೂ ಹಾಗೆಯೇ ನಕಲು ಮಾಡಿ ರೇಶಿಯೋ ಎಂದು ಕರೆಯುವುದು ಅತಿ ಸಾಮಾನ್ಯ ತಪ್ಪು. ಗಾಯ ಇತ್ತೇ, ಅದರ ಸ್ವರೂಪ ಏನು ಎಂಬ ಬಗ್ಗೆ ಇಲ್ಲಿ ವಿವಾದವೇ ಇರಲಿಲ್ಲ. ರೇಶಿಯೋ ಇರುವುದು ಮೂರನೆಯ ಮತ್ತು ನಾಲ್ಕನೆಯ ಅಂಶಗಳು ಒಂದಕ್ಕೊಂದು ಹೇಗೆ ಸಂಬಂಧಿಸುತ್ತವೆ ಎಂಬಲ್ಲಿ.

ವಾಕ್ಯದ ಅಗಲವನ್ನು ನಿಗದಿಪಡಿಸುವುದು ಮುಂದಿನ ಕೆಲಸ. ‘ಹೊಟ್ಟೆಗೆ ಈಟಿಯಿಂದ ತಿವಿದರೆ ಕೊಲೆ’ ಎಂದರೆ ತೀರಾ ಕಿರಿದು, ಅದು ಚೂರಿಗೂ ಕತ್ತಿಗೂ ಅನ್ವಯಿಸದೆ ಹೋಗುತ್ತದೆ. ‘ಸಾವಿಗೆ ಕಾರಣವಾದ ಗಾಯ ಮಾಡಿದವನು ಕೊಲೆಗಾರ’ ಎಂದರೆ ತೀರಾ ಅಗಲ, ಕೊಲೆಯಲ್ಲದ ದಂಡನೀಯ ನರಹತ್ಯೆಗೆ ಶಿಕ್ಷೆ ಹೇಳುವ ಕಲಂ 304ಕ್ಕೆ ಕೆಲಸವೇ ಇಲ್ಲದಂತಾಗುತ್ತದೆ. ನಾನು ಒಪ್ಪುವ ರೂಪ ಇದು: ಕಲಂ 300ರ ಮೂರನೆಯ ಖಂಡದ ಅಡಿ, ದೇಹದ ಮೇಲೆ ಕಂಡ ಗಾಯವನ್ನೇ ಮಾಡುವ ಉದ್ದೇಶ ಆರೋಪಿಗೆ ಇತ್ತೆಂದು ಸಾಬೀತಾಗಿ, ಆ ಗಾಯ ವಸ್ತುನಿಷ್ಠವಾಗಿ ಸಾವಿಗೆ ಸಾಕಾಗುವಂಥದ್ದಾಗಿದ್ದರೆ, ಅದು ಅಷ್ಟು ಗಂಭೀರವೆಂಬ ತಿಳಿವಳಿಕೆಯಾಗಲಿ ಅಷ್ಟು ಗಂಭೀರ ಗಾಯವನ್ನೇ ಮಾಡುವ ಉದ್ದೇಶವಾಗಲಿ ಅವನಿಗೆ ಇತ್ತೆಂದು ಸಾಬೀತುಪಡಿಸುವ ಅಗತ್ಯವಿಲ್ಲ.

ಈಗ ಮಗುಚುವ ಪರೀಕ್ಷೆ. ವಾಕ್ಯವನ್ನು ತಲೆಕೆಳಗು ಮಾಡಿ, ಕಾನೂನು ಅದಕ್ಕೆ ವಿರುದ್ಧವಾಗಿದ್ದರೆ ಇದೇ ಸಂಗತಿಗಳ ಮೇಲೆ ಇದೇ ಫಲಿತಾಂಶ ಬರುತ್ತಿತ್ತೇ ಎಂದು ಕೇಳಿ. ಗಂಭೀರತೆಯನ್ನೂ ಉದ್ದೇಶಿಸಿರಬೇಕು ಎಂಬುದು ಕಾನೂನಾಗಿದ್ದರೆ, ದುಡುಕಿನ ತಿವಿತ ಎಂಬ ಸೆಷನ್ಸ್ ನ್ಯಾಯಾಧೀಶರ ಮಾತನ್ನು ಇಟ್ಟುಕೊಂಡು ಕಲಂ 302ರ ಶಿಕ್ಷೆಯನ್ನು ಉಳಿಸುವುದು ಕಷ್ಟವಾಗುತ್ತಿತ್ತು, ಪ್ರಕರಣ ಕಲಂ 304ಕ್ಕೆ ಇಳಿಯುತ್ತಿತ್ತು. ಫಲಿತಾಂಶ ಬದಲಾಗುವುದರಿಂದ ಆ ವಾಕ್ಯ ತೀರ್ಪಿಗೆ ಅಗತ್ಯ, ಆದ್ದರಿಂದ ರೇಶಿಯೋ.

ಇದೇ ಪರೀಕ್ಷೆಯನ್ನು ಇನ್ನೊಂದು ಮಾತಿಗೂ ಹಾಕಿ ನೋಡಿ. ಗಾಯ ಮತ್ತು ಅದನ್ನು ಆರೋಪಿ ಮಾಡಿದ ಎಂಬ ಸಂಗತಿ ಬಿಟ್ಟು ಬೇರೇನೂ ಇಲ್ಲದಿದ್ದರೆ, ಅದನ್ನೇ ಮಾಡುವ ಉದ್ದೇಶ ಇತ್ತೆಂದು ಅನುಮಾನಿಸಬೇಕಾಗುತ್ತದೆ, ಅಂದರೆ ಸಂಗತಿಗಳಿಂದ ತರ್ಕಿಸಿ ತೀರ್ಮಾನಿಸಬೇಕಾಗುತ್ತದೆ ಎಂದೂ ನ್ಯಾಯಾಲಯ ಹೇಳಿದೆ. ಇದನ್ನು ಮಗುಚಿದರೆ ಮೂರನೆಯ ಅಂಶಕ್ಕೆ ಆಧಾರವೇ ಇರುವುದಿಲ್ಲ, ಏಕೆಂದರೆ ಉದ್ದೇಶಕ್ಕೆ ಇದ್ದ ಸಾಕ್ಷ್ಯ ಆ ತಿವಿತವೊಂದೇ. ಹಾಗಾಗಿ ತೀರ್ಪಿನಲ್ಲಿ ಎರಡು ರೇಶಿಯೋಗಳಿವೆ, ಒಂದು ಕಲಮಿನ ಅರ್ಥದ ಬಗ್ಗೆ, ಇನ್ನೊಂದು ಉದ್ದೇಶವನ್ನು ಸಂಗತಿಗಳಿಂದ ಅನುಮಾನಿಸುವ ಬಗ್ಗೆ. ನಾನು ಓದಿದ ಕರಡುಗಳಲ್ಲಿ ಎರಡನೆಯದು ಕಾಣಿಸಿದ್ದು ತೀರಾ ವಿರಳ, ಅದು ಕಂಡಾಗ ಆ ವಿದ್ಯಾರ್ಥಿ ತೀರ್ಪನ್ನು ನಿಜವಾಗಿ ಓದಿದ್ದಾನೆ ಎಂದು ಗೊತ್ತಾಗುತ್ತದೆ.

## ಹಂತ 5: ಒಬಿಟರನ್ನು ಬೇರೆ ಮಾಡಿ, ಅದರ ಬಗೆಯನ್ನೂ ಹೇಳಿ

ಹಿಂದಿನ ವರ್ಷ ಒಬ್ಬಳು ವಿದ್ಯಾರ್ಥಿನಿ ತೀರ್ಪಿನ ಒಂದು ಪ್ರಸಿದ್ಧ ವಾಕ್ಯವನ್ನು ರೇಶಿಯೋ ಎಂದು ಬರೆದು ತಂದಿದ್ದಳು. ಸಾವಿಗೆ ಸಾಕಾಗುವ ಗಾಯಗಳನ್ನು ಮಾಡುತ್ತಾ ತಿರುಗಾಡಿ, ಕೊಲೆಯ ಅಪರಾಧ ನಮ್ಮದಲ್ಲ ಎನ್ನಲು ಯಾರಿಗೂ ಪರವಾನಗಿ ಇಲ್ಲ ಎಂಬ ಆಶಯದ ವಾಕ್ಯ ಅದು. “ಸರ್, ಜಡ್ಜ್ ಅಷ್ಟು ಒತ್ತಿ ಹೇಳಿದ್ದಾರಲ್ಲ, ಮತ್ತೆ ಅದು ರೇಶಿಯೋ ಅಲ್ಲದ್ದು ಹೇಗೆ?” ಎಂದು ಕೇಳಿದಳು. ನ್ಯಾಯಮೂರ್ತಿ ಒತ್ತಿ ಹೇಳಿದ್ದೂ ತೀರ್ಪಿಗೆ ಅಗತ್ಯವಾದದ್ದೂ ಒಂದೇ ಆಗಬೇಕಾಗಿಲ್ಲ. ಆ ವಾಕ್ಯವನ್ನು ತೀರ್ಪಿನಿಂದ ತೆಗೆದುಹಾಕಿ ಓದಿ ನೋಡು ಎಂದೆ. ತರ್ಕದ ಒಂದು ಕೊಂಡಿಯೂ ಕಳಚುವುದಿಲ್ಲ, ಫಲಿತಾಂಶವೂ ಅದೇ ಇರುತ್ತದೆ. ಆಗಲೇ ಹೇಳಿ ಮುಗಿಸಿದ ನಿಯಮಕ್ಕೆ ಕೊಟ್ಟ ಸಮರ್ಥನೆಯ ಮಾತು ಅದು. ಅದನ್ನು ನಿಯಮವಾಗಿ ತೆಗೆದುಕೊಂಡರೆ ಮೂರನೆಯ ಅಂಶವೇ ಮಾಯವಾಗಿ, ಉದ್ದೇಶವಿಲ್ಲದೆ ಆದ ಗಾಯವೂ ಕೊಲೆಯಾಗುವ ಅಪಾಯವಿದೆ.

ಇನ್ನೊಂದು ಬಗೆ ಕಲ್ಪಿತ ಸಂದರ್ಭದ ಮಾತು. ಏಟು ಬೇರೆಡೆಗೆ ಗುರಿಯಿಟ್ಟದ್ದಾಗಿತ್ತು ಅಥವಾ ಗಾಯ ಆಕಸ್ಮಿಕವಾಗಿತ್ತು ಎಂದು ಆರೋಪಿ ತೋರಿಸಿದರೆ, ಇಲ್ಲವೇ ಒಟ್ಟು ಸನ್ನಿವೇಶದಿಂದ ಹಾಗೆ ಅನುಮಾನಿಸಬಹುದಾದರೆ, ಉದ್ದೇಶ ಸಾಬೀತಾಗುವುದಿಲ್ಲ ಎಂಬ ಅರ್ಥದ ಮಾತುಗಳು ತೀರ್ಪಿನಲ್ಲಿವೆ. ಹಂತ 2ರಲ್ಲಿ ಬರೆದಿಟ್ಟ ಇಲ್ಲದ ಸಂಗತಿ ಈಗ ಕೆಲಸಕ್ಕೆ ಬರುತ್ತದೆ. ಅಂಥ ಸಾಕ್ಷ್ಯ ಈ ಪ್ರಕರಣದಲ್ಲಿ ಇರಲಿಲ್ಲವಾದ್ದರಿಂದ ಆ ಮಾತು ಫಲಿತಾಂಶಕ್ಕೆ ಅಗತ್ಯವಾಗಿರಲಿಲ್ಲ. ಅದು ಒಬಿಟರ್. ಆದರೆ ರೇಶಿಯೋ ಎಲ್ಲಿ ಕೊನೆಗೊಳ್ಳುತ್ತದೆ ಎಂದು ತೋರಿಸುವ ಒಬಿಟರ್ ಆದ್ದರಿಂದ ಅದಕ್ಕೆ ತೂಕ ಹೆಚ್ಚು, ಮತ್ತು ಆ ತೂಕವನ್ನು ನಿಮ್ಮ ಬರಹದಲ್ಲಿ ಹೇಳಲೇಬೇಕು.

ಗೆರೆ ಎಳೆಯಲು ನಿಜಕ್ಕೂ ಕಷ್ಟವಾಗುವ ಒಂದು ಜಾಗವಿದೆ. ಕರುಳು ಹೊರಬೀಳಬೇಕೆಂದು ಆರೋಪಿ ಉದ್ದೇಶಿಸಿದ್ದನೇ, ಈಟಿ ಯಕೃತ್ತನ್ನೋ ಮೂತ್ರಪಿಂಡವನ್ನೋ ಹೃದಯವನ್ನೋ ತಲುಪಬೇಕೆಂದು ಬಯಸಿದ್ದನೇ ಎಂಬಷ್ಟು ಸೂಕ್ಷ್ಮಕ್ಕೆ ತನಿಖೆ ಇಳಿಯಬೇಕಾಗಿಲ್ಲ, ಹಾಗಾದರೆ ದೇಹರಚನೆ ಗೊತ್ತಿಲ್ಲದವನಿಗೆ ಶಿಕ್ಷೆಯೇ ಆಗದು ಎಂದು ನ್ಯಾಯಾಲಯ ಹೇಳುತ್ತದೆ. ಇಡೀ ವಾಕ್ಯವನ್ನು ಉದಾಹರಣೆಯೆಂದು ಒಬಿಟರ್ ಬುಟ್ಟಿಗೆ ಹಾಕುವವರೇ ಹೆಚ್ಚು. ಮಗುಚಿ ನೋಡಿ. ಕರುಳು ಹೊರಬರುವುದನ್ನೂ ಉದ್ದೇಶಿಸಿರಬೇಕು ಎಂಬುದು ಕಾನೂನಾಗಿದ್ದರೆ ಈ ಆರೋಪಿ ಮೂರನೆಯ ಖಂಡದಿಂದ ತಪ್ಪಿಸಿಕೊಳ್ಳುತ್ತಿದ್ದ, ಏಕೆಂದರೆ ಇಲ್ಲಿ ಕರುಳು ನಿಜವಾಗಿಯೂ ಹೊರಬಂದಿತ್ತು. ಹೃದಯ ಮತ್ತು ಮೂತ್ರಪಿಂಡದ ಮಾತನ್ನು ಮಗುಚಿದರೆ ಏನೂ ಆಗುವುದಿಲ್ಲ. ಅಂದರೆ ಒಂದೇ ವಾಕ್ಯದ ಅರ್ಧ ರೇಶಿಯೋಗೆ ಸೇರುತ್ತದೆ, ಉಳಿದರ್ಧ ನಿದರ್ಶನ. ಪ್ಯಾರಾ ಸಂಖ್ಯೆ ಕೊಟ್ಟು ‘ಇಲ್ಲಿಂದ ಇಲ್ಲಿಯವರೆಗೆ ಒಬಿಟರ್’ ಎಂದು ಬರೆಯುವ ಅಭ್ಯಾಸ ತಪ್ಪಾಗುವುದು ಇದಕ್ಕಾಗಿ.

ಮೂರನೆಯ ಬಗೆ, ಬೇರೆ ತೀರ್ಪಿನ ಬಗ್ಗೆ ಹೇಳಿದ ಮಾತು. ಒಂದೇ ಏಟಿನಿಂದ ಸಾವಾದಾಗ ಎಷ್ಟು ಗಂಭೀರ ಗಾಯವನ್ನು ಉದ್ದೇಶಿಸಿದ್ದ ಎಂದು ಖಚಿತವಾಗಿ ಹೇಳುವುದು ಹೆಚ್ಚು ಕಷ್ಟ ಎಂಬ ಅಭಿಪ್ರಾಯ ಬಾಂಬೆ ಉಚ್ಚ ನ್ಯಾಯಾಲಯದ ಸರ್ದಾರ್‌ಖಾನ್ ಜರೀದ್‌ಖಾನ್ ತೀರ್ಪಿನಲ್ಲಿತ್ತು. ಅದು ಉದ್ದೇಶವನ್ನೂ ಗಂಭೀರತೆಯನ್ನೂ ಬೆರೆಸುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಈ ನಿರಾಕರಣೆ ರೇಶಿಯೋದ ಇನ್ನೊಂದು ಮುಖ, ಒಬಿಟರ್ ಅಲ್ಲ. ಆದರೆ ಆ ತೀರ್ಪಿನ ಫಲಿತಾಂಶವನ್ನೇ ರದ್ದುಪಡಿಸಿತು ಎಂದು ಬರೆಯಬೇಡಿ, ಒಪ್ಪದೆ ಬಿಟ್ಟದ್ದು ಅದರಲ್ಲಿನ ಒಂದು ಅಭಿಪ್ರಾಯವನ್ನು.

ಕೊನೆಯದಾಗಿ, ಮೌನ. ಘಟನೆ ಹಠಾತ್ತನೆ, ಆಕಸ್ಮಿಕ ಭೇಟಿಯಲ್ಲಿ ನಡೆಯಿತು ಎಂದು ಉಚ್ಚ ನ್ಯಾಯಾಲಯ ಹೇಳಿದ್ದರಿಂದ, ಹಠಾತ್ ಜಗಳಕ್ಕೆ ಸಂಬಂಧಿಸಿದ ಕಲಂ 300ರ ನಾಲ್ಕನೆಯ ವಿನಾಯಿತಿಯನ್ನು ಸರ್ವೋಚ್ಚ ನ್ಯಾಯಾಲಯ ತಿರಸ್ಕರಿಸಿತು ಎಂದು ಬರೆಯುವವರಿದ್ದಾರೆ. ತೀರ್ಪಿನ ತರ್ಕ ನಿಂತಿರುವುದು ಮೂರನೆಯ ಖಂಡದ ಮೇಲೆ. ವಾದಕ್ಕೆ ಬಾರದೆ, ಚರ್ಚೆಯಾಗದೆ ಹಾದುಹೋದ ವಿಷಯದ ಮೇಲೆ ತೀರ್ಪು ಬಂಧಕವಲ್ಲ ಎಂಬುದನ್ನು ದೆಹಲಿ ನಗರಪಾಲಿಕೆ ವಿರುದ್ಧ ಗುರ್ನಾಮ್ ಕೌರ್ ತೀರ್ಪು 1988ರಲ್ಲಿ ಸ್ಪಷ್ಟಪಡಿಸಿದೆ. ಮೌನವನ್ನು ರೇಶಿಯೋ ಮಾಡಬೇಡಿ, ಒಬಿಟರ್ ಕೂಡ ಮಾಡಬೇಡಿ.

## ಹಂತ 6: ತರ್ಕವನ್ನು ಅಳೆಯಿರಿ

‘ತೀರ್ಪು ಸರಿ’ ಅಥವಾ ‘ತೀರ್ಪು ಕಠಿಣ’ ಎಂಬುದು ಮೌಲ್ಯಮಾಪನವಲ್ಲ. ತರ್ಕದ ಕೊಂಡಿಗಳನ್ನು ಸಾಲಾಗಿ ಬರೆದು, ಯಾವುದು ಎಷ್ಟು ಭಾರ ಹೊರುತ್ತದೆ ಎಂದು ನೋಡಬೇಕು. ಇಲ್ಲಿ ನಾನು ಎರಡೇ ಕೊಂಡಿಗಳನ್ನು ಹಿಡಿಯುತ್ತೇನೆ, ಒಂದು ಅಸೈನ್‌ಮೆಂಟಿಗೆ ಅಷ್ಟು ಸಾಕು.

ಮೊದಲನೆಯದು, ‘ಅದೇ ಗಾಯ’ ಎಂಬುದನ್ನು ಎಷ್ಟು ಸೂಕ್ಷ್ಮವಾಗಿ ವರ್ಣಿಸಬೇಕು ಎಂಬ ಪ್ರಶ್ನೆ. ‘ಎಡ ಹೊಟ್ಟೆಯಲ್ಲಿ ಇಷ್ಟು ಆಳಕ್ಕೆ ಹೋಗಿ ಕರುಳು ಹೊರಬಂದ ಗಾಯ’ ಎಂದು ವರ್ಣಿಸಿದರೆ ಹೆಚ್ಚಿನ ಆರೋಪಿಗಳಿಗೆ ಅಂಥ ಉದ್ದೇಶ ಇರುವುದಿಲ್ಲ. ‘ಒಂದು ಇರಿತ’ ಎಂದಷ್ಟೇ ವರ್ಣಿಸಿದರೆ ಎಲ್ಲರಿಗೂ ಇರುತ್ತದೆ. ನ್ಯಾಯಾಲಯ ಇವೆರಡರ ನಡುವೆ, ಹೊಟ್ಟೆಯೊಳಕ್ಕೆ ಅಷ್ಟು ಆಳ ಹೋಗುವಷ್ಟು ಬಲದಿಂದ ತಿವಿಯುವ ಉದ್ದೇಶ ಎಂಬ ಮಟ್ಟದಲ್ಲಿ ನಿಂತಿತು, ಮತ್ತು ಈ ತನಿಖೆ ಸಾಮಾನ್ಯ ಜ್ಞಾನದ್ದು ಎಂದಿತು. ಈ ಪ್ರಕರಣದಲ್ಲಿ ಆ ಮಟ್ಟ ನ್ಯಾಯವಾಗಿಯೇ ಇದೆ. ಆದರೆ ಮುಂದಿನ ಪ್ರಕರಣದಲ್ಲಿ ಮಟ್ಟವನ್ನು ಹೇಗೆ ಆರಿಸಬೇಕೆಂಬುದಕ್ಕೆ ತೀರ್ಪು ಅಳತೆಗೋಲನ್ನು ಕೊಡುವುದಿಲ್ಲ. ತೀರ್ಪಿನ ನಿಜವಾದ ದುರ್ಬಲ ಜಾಗ ಇದೆಂಬುದು ನನ್ನ ಅಭಿಪ್ರಾಯ, ಮತ್ತು ವಿಮರ್ಶೆಯ ಹೆಚ್ಚಿನ ಪದಗಳನ್ನು ಇಲ್ಲಿ ಖರ್ಚು ಮಾಡಬೇಕು.

ಇದನ್ನು ಪರೀಕ್ಷಿಸಲು ನಿಮ್ಮದೇ ಕಲ್ಪಿತ ಸಂದರ್ಭ ಕಟ್ಟಿ. ಅಡಿಕೆ ತೋಟದಲ್ಲಿ ನೀರಿನ ಕಣಿಯ ವಿಷಯಕ್ಕೆ ಮಾತು ಬೆಳೆದು, ಒಬ್ಬನು ಕೈಯಲ್ಲಿದ್ದ ದೋಟಿಯ ಕತ್ತಿಯನ್ನು ಇನ್ನೊಬ್ಬನ ಕಾಲಿನತ್ತ ಬೀಸುತ್ತಾನೆ, ಅದೇ ಕ್ಷಣ ಅವನು ಬಗ್ಗಿದ್ದರಿಂದ ಏಟು ಕುತ್ತಿಗೆಗೆ ಬೀಳುತ್ತದೆ ಎಂದುಕೊಳ್ಳಿ. ವೈದ್ಯರು ಗಾಯ ಸಾವಿಗೆ ಸಾಕಾಗುವಂಥದ್ದು ಎನ್ನುತ್ತಾರೆ, ಹಾಗಾಗಿ ನಾಲ್ಕನೆಯ ಅಂಶ ಪೂರ್ಣ. ಮೂರನೆಯದು ಮಾತ್ರ ನಿಲ್ಲುವುದಿಲ್ಲ. ಈಗ ಬಗ್ಗುವುದನ್ನು ತೆಗೆದುಹಾಕಿ, ಏಟು ಕಾಲಿಗೇ ಬಿದ್ದು ರಕ್ತನಾಳ ತುಂಡಾಗಿ ಸಾವಾಯಿತು ಎಂದುಕೊಳ್ಳಿ. ಉದ್ದೇಶಿಸಿದ್ದು ಕಾಲಿನ ಗಾಯವೇ, ಅಥವಾ ರಕ್ತನಾಳದ ಗಾಯವೇ? ತೀರ್ಪು ಇದಕ್ಕೆ ನೇರ ಉತ್ತರ ಕೊಡುವುದಿಲ್ಲ ಎಂಬುದು ಆಗ ನಿಮಗೇ ಕಾಣುತ್ತದೆ.

ಎರಡನೆಯ ಕೊಂಡಿ, ರುಜುವಾತಿನ ಹೊಣೆ. ಉದ್ದೇಶ ಇರಲಿಲ್ಲವೆಂದು ಆರೋಪಿ ತೋರಿಸಿದರೆ ಎಂಬ ಮಾತನ್ನು ಒಂಟಿಯಾಗಿ ಓದಿದರೆ ಹೊಣೆ ಅವನ ಮೇಲೆ ಬಿದ್ದಂತೆ ಕಾಣುತ್ತದೆ. ಆದರೆ ಉದ್ದೇಶವನ್ನು ಸಾಬೀತುಪಡಿಸಬೇಕಾದದ್ದು ಅಭಿಯೋಜನೆ ಎಂದು ನಾಲ್ಕು ಅಂಶಗಳ ಪಟ್ಟಿಯೇ ಹೇಳುತ್ತದೆ, ಮತ್ತು ಒಟ್ಟು ಸನ್ನಿವೇಶದಿಂದ ಹಾಗೆ ತೀರ್ಮಾನಿಸಬಹುದಾದರೂ ಸಾಕು ಎಂಬ ಮಾತು ಜೊತೆಗೇ ಇದೆ. ಇವನ್ನು ಸೇರಿಸಿ ಓದಿದರೆ, ಹೊಣೆ ಸರಿದಿಲ್ಲ, ಬೇರೆ ವಿವರಣೆ ಇಲ್ಲದಾಗ ನ್ಯಾಯಾಲಯ ಮಾಡುವ ಸಹಜ ಅನುಮಾನವಷ್ಟೇ ಇದೆ ಎಂದು ಹೇಳಬಹುದು. ಟೀಕೆ ಮಾಡುವ ಮೊದಲು ತೀರ್ಪನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಓದಬೇಕು ಎಂಬುದಕ್ಕಾಗಿ ಇದನ್ನು ಹೇಳಿದೆ. ಒಂದು ಉಪವಾಕ್ಯವನ್ನು ಮಾತ್ರ ಹಿಡಿದು ಟೀಕಿಸಿದ ಕರಡು, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

## ಹಂತ 7: ನಂತರದ ತೀರ್ಪುಗಳನ್ನು ನೋಡಿ, ಯಾರಿಗೆ ಬಂಧಕ ಎಂದು ಹೇಳಿ

ನಂತರದ ತೀರ್ಪುಗಳ ಪಟ್ಟಿ ಬೇಡ, ನಿಮ್ಮ ವಿಂಗಡಣೆಯನ್ನು ಪರೀಕ್ಷಿಸುವ ಎರಡು ಸಾಕು. ಹರ್ಜಿಂದರ್ ಸಿಂಗ್ ವಿರುದ್ಧ ದೆಹಲಿ ಆಡಳಿತ ತೀರ್ಪಿನಲ್ಲಿ, `AIR 1968 SC 867`, ಜಗಳದ ನಡುವೆ ಬಂದು ಬಗ್ಗಿದ ಸ್ಥಿತಿಯಲ್ಲಿದ್ದವನ ತೊಡೆಗೆ ಚೂರಿ ಬಿದ್ದು ದೊಡ್ಡ ರಕ್ತನಾಳಗಳು ತುಂಡಾಗಿದ್ದವು. ಅದೇ ಜಾಗಕ್ಕೆ ಅದೇ ಗಾಯ ಮಾಡುವ ಉದ್ದೇಶ ಸಾಬೀತಾಗಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಅಪರಾಧವನ್ನು ಕಲಂ 304ರ ಮೊದಲ ಭಾಗಕ್ಕೆ ಇಳಿಸಿತು. ವಿರ್ಸಾ ಸಿಂಗ್‌ನಲ್ಲಿ ಕಲ್ಪಿತ ಸಂದರ್ಭವಾಗಿದ್ದ ಮಾತು ಇಲ್ಲಿ ಫಲಿತಾಂಶವನ್ನೇ ನಿರ್ಧರಿಸಿದೆ, ಒಬಿಟರ್ ಆಗಿದ್ದದ್ದು ಮುಂದಿನ ತೀರ್ಪಿನ ರೇಶಿಯೋ ಆಗಿದೆ. ಕೊಚ್ಚಿ ನೌಕಾನೆಲೆಯ ಪ್ರಕರಣವಾದ ರಾಜ್ವಂತ್ ಸಿಂಗ್ ವಿರುದ್ಧ ಕೇರಳ ರಾಜ್ಯ, `AIR 1966 SC 1874`, ಇನ್ನೊಂದು ದಿಕ್ಕಿನ ಉದಾಹರಣೆ, ಅಲ್ಲಿ ಮೂರನೆಯ ಖಂಡ ಪೂರ್ಣವಾಗಿ ಅನ್ವಯವಾಯಿತು.

ಬಂಧಕತೆಯ ವಿಷಯದಲ್ಲಿ ನಮ್ಮ ಕಡೆಯ ವಿದ್ಯಾರ್ಥಿಗಳಿಗೊಂದು ವಿಶೇಷ ಎಚ್ಚರಿಕೆ. ಸರ್ವೋಚ್ಚ ನ್ಯಾಯಾಲಯದ ರೇಶಿಯೋ ಸಂವಿಧಾನದ 141ನೆಯ ವಿಧಿಯಂತೆ ಕರ್ನಾಟಕ ಕೇರಳ ಗಡಿಯಾದ ತಲಪಾಡಿಯ ಎರಡೂ ಬದಿಗೆ ಬಂಧಕ. ಉಚ್ಚ ನ್ಯಾಯಾಲಯದ ತೀರ್ಪು ಹಾಗಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ರೇಶಿಯೋ ಮಂಗಳೂರಿನ ಸೆಷನ್ಸ್ ನ್ಯಾಯಾಲಯಕ್ಕೆ ಬಂಧಕ, ಕಾಸರಗೋಡಿನ ಸೆಷನ್ಸ್ ನ್ಯಾಯಾಲಯಕ್ಕೆ ಮನವೊಲಿಸುವ ಆಧಾರ ಮಾತ್ರ, ಕೇರಳ ಉಚ್ಚ ನ್ಯಾಯಾಲಯದ್ದು ಇದರ ತಿರುವು. ಮಂಗಳೂರಿನ ಕಾಲೇಜಿನಲ್ಲಿ ಓದಿ, ಊರಿನ ಉದಾಹರಣೆ ಕೊಡುವಾಗ ಇದನ್ನು ಮರೆತು ‘ಬಂಧಕ’ ಎಂದು ಬರೆಯುವುದು ಇಲ್ಲಿ ಪದೇ ಪದೇ ಆಗುತ್ತದೆ.

ಕಲಂ ಸಂಖ್ಯೆಗಳನ್ನೂ ಸರಿಪಡಿಸಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಯ ವ್ಯಾಖ್ಯೆ ಕಲಂ 101ರಲ್ಲಿದೆ, ಮೂರನೆಯ ಖಂಡಕ್ಕೆ ಸಮನಾದದ್ದು ಅದರ ಮೂರನೆಯ ಉಪಖಂಡ. ಹಳೆಯ ತೀರ್ಪನ್ನು ವಿವರಿಸುವಾಗ ಹಳೆಯ ಸಂಖ್ಯೆಯನ್ನೇ ಬಳಸಿ, ಹೊಸದನ್ನು ಒಮ್ಮೆ ಹೇಳಿದರೆ ಸಾಕು.

## ಹಂತ 8: ಬರೆಯುವ ಅನುಪಾತ

ಮಿತಿ 2000 ಪದಗಳಾಗಿದ್ದರೆ ನಾನು ಸಂಗತಿಗಳಿಗೆ 250, ಪ್ರಶ್ನೆಗೆ 100, ರೇಶಿಯೋಗೆ 400, ಒಬಿಟರ್‌ಗೆ 300, ತರ್ಕದ ಮೌಲ್ಯಮಾಪನಕ್ಕೆ 700, ನಂತರದ ತೀರ್ಪುಗಳಿಗೆ 250 ಎಂದು ಹಂಚುತ್ತೇನೆ. ಬರೆಯುವಾಗ ರೇಶಿಯೋ ಮತ್ತು ಮೌಲ್ಯಮಾಪನವನ್ನು ಮೊದಲು ಬರೆದು ಸಂಗತಿಗಳನ್ನು ಕೊನೆಗೆ ಬರೆಯಿರಿ. ಆಗ ಯಾವ ಸಂಗತಿ ಬೇಕು ಎಂಬುದು ಗೊತ್ತಿರುತ್ತದೆ, ಕತೆ ಹಿಗ್ಗುವುದಿಲ್ಲ.

ಒಪ್ಪಿಸುವ ಮುನ್ನ ಕರಡಿನಲ್ಲಿ ಕೆಲವು ಅಪಾಯದ ಗುರುತುಗಳನ್ನು ಹುಡುಕಿ. ರೇಶಿಯೋ ಎಂದು ಬರೆದ ವಾಕ್ಯದಲ್ಲಿ ವ್ಯಕ್ತಿಗಳ ಹೆಸರಿದ್ದರೆ ಅದು ಫಲಿತಾಂಶ, ನಿಯಮವಲ್ಲ. ಅದರಲ್ಲಿ ಕಲಮಿನ ಹೆಸರೇ ಇಲ್ಲದಿದ್ದರೆ ಅದು ಬಹುಶಃ ನೀತಿಯ ಮಾತು. ಒಬಿಟರ್ ಎಂದು ಗುರುತಿಸಿದ ಪ್ರತಿಯೊಂದರ ಪಕ್ಕದಲ್ಲಿ ‘ಏಕೆ ಅಗತ್ಯವಿರಲಿಲ್ಲ’ ಎಂಬ ಕಾರಣ ಇರದಿದ್ದರೆ ಆ ವಿಂಗಡಣೆ ಊಹೆ. ಕೊನೆಗೆ, ಹಂತ 1ರಲ್ಲಿ ಬರೆದ ಪ್ರಶ್ನೆಯನ್ನೂ ಹಂತ 4ರಲ್ಲಿ ಬರೆದ ರೇಶಿಯೋವನ್ನೂ ಒಂದರ ಕೆಳಗೊಂದು ಇಟ್ಟು, ತೀರ್ಪನ್ನು ಓದದ ಸ್ನೇಹಿತರೊಬ್ಬರಿಗೆ ಓದಿ ಹೇಳಿ. ಎರಡನೆಯದು ಮೊದಲನೆಯದಕ್ಕೆ ಉತ್ತರವೆಂದು ಅವರಿಗೆ ಕಾಣದಿದ್ದರೆ, ಪೆನ್ಸಿಲ್ ಹಿಡಿದು ಹಂತ 2ಕ್ಕೆ ಮರಳಿ.